ರಜೆ ಅರ್ಜಿ ಎರಡು ಸಲ ವಾಪಸ್ ಬಂತು. ಜೊತೆಗಿಡುವ ಹಸ್ತಾಂತರ ಟಿಪ್ಪಣಿಯಲ್ಲಿ ಏನಿರಬೇಕು?

ಭಾಲ್ಕಿ ಮಗಳು

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ ಆಗಿದ್ದೇನೆ. ಊರು ಭಾಲ್ಕಿ. ಫೆಬ್ರವರಿ 12ಕ್ಕೆ ತಂಗಿಯ ಮದುವೆ. ಅಪ್ಪ ಇಲ್ಲ, ಅವ್ವನಿಗೆ ಮೊಣಕಾಲು ನೋವು. ಓಡಾಟ ಎಲ್ಲ ನಂದೇ. ಅದಕ್ಕೆ 9ನೇ ತಾರೀಕು ಸೋಮವಾರದಿಂದ 20 ಶುಕ್ರವಾರದವರೆಗೆ 12 ದಿನ ಗಳಿಕೆ ರಜೆ ಕೇಳಿದ್ದೇನೆ. ಖಾತೆಯಲ್ಲಿ ರಜೆ ಬೇಕಾದಷ್ಟಿದೆ.

ಮೊದಲ ಸಲ ಅರ್ಜಿಯ ಅಂಚಿನಲ್ಲಿ "ಬದಲಿ ವ್ಯವಸ್ಥೆ?" ಅಂತ ಬರೆದು ವಾಪಸ್ ಕಳಿಸಿದರು. ಎರಡನೇ ಸಲ ಒಂದು ಹಸ್ತಾಂತರ ಟಿಪ್ಪಣಿ ಬರೆದು ಲಗತ್ತಿಸಿದೆ. "ನನ್ನ ರಜೆಯ ಅವಧಿಯಲ್ಲಿ ನನ್ನ ಕೆಲಸಗಳನ್ನು ಶಾಖೆಯ ಸಹೋದ್ಯೋಗಿಗಳು ನಿರ್ವಹಿಸುತ್ತಾರೆ. ತುರ್ತು ಕಡತಗಳು ಬಾಕಿ ಇರುವುದಿಲ್ಲ" ಅಂತ ಬರೆದಿದ್ದೆ. ಅದರ ಮೇಲೆ "ಚರ್ಚಿಸಿ" ಅಂತ ಬಂದಿದೆ. ಇವತ್ತು 31ನೇ ತಾರೀಕು. ಚರ್ಚಿಸೋಕೆ ಸಾಹೇಬರು ಸಿಗುತ್ತಿಲ್ಲ. ಟಿಪ್ಪಣಿ ಹೇಗೆ ಬರೆದರೆ ಬೇಗ ಮಂಜೂರಾಗುತ್ತದೆ? ದಯವಿಟ್ಟು ಗೊತ್ತಿದ್ದವರು ಹೇಳಿ.

ಗಂಜ್ ರಸ್ತೆ

ಮೇಡಂ, ಗಳಿಕೆ ರಜೆ ನಿಮ್ಮ ಹಕ್ಕು. ವರ್ಷಕ್ಕೆ 30 ದಿನ ಖಾತೆಗೆ ಸೇರುತ್ತದೆ, ಅದು ನಿಮ್ಮ ದುಡಿಮೆ. ಟಿಪ್ಪಣಿ ಗಿಪ್ಪಣಿ ಯಾಕೆ? ಸುಮ್ನೆ ಮದುವೆ ಕಾರ್ಡ್ ಇಟ್ಟು ಮತ್ತೊಂದು ಅರ್ಜಿ ಕೊಡಿ. ತಂಗಿ ಮದುವೆಗೆ ಯಾರೂ ಇಲ್ಲ ಅನ್ನಲ್ಲ.

ಶಹಾಪುರದ ನಿವೃತ್ತ ವ್ಯವಸ್ಥಾಪಕ

ಗಂಜ್ ರಸ್ತೆಯವರೇ, ಖಾತೆಗೆ ಸೇರೋದು ನಿಜ. ಜನವರಿಗೆ 15, ಜುಲೈಗೆ 15. ಆದರೆ ಇಂಥ ದಿನವೇ ಬೇಕು ಅಂತ ಹಕ್ಕಿನಿಂದ ಕೇಳೋಕೆ ಆಗಲ್ಲ. ರಜೆಯನ್ನು ಹಕ್ಕಾಗಿ ಕೇಳುವಂತಿಲ್ಲ ಅಂತ ನಮ್ಮ ಸೇವಾ ನಿಯಮಗಳಲ್ಲೇ ಇದೆ. ಕಚೇರಿ ಕೆಲಸಕ್ಕೆ ತೊಂದರೆ ಅನ್ನಿಸಿದರೆ ಮುಂದಕ್ಕೆ ಹಾಕಬಹುದು, ನಿರಾಕರಿಸಲೂಬಹುದು. ಮದುವೆ ಕಾರ್ಡ್ ನೋಡಿದರೆ ನೀವು ಯಾಕೆ ಹೋಗುತ್ತೀರಿ ಅಂತ ಗೊತ್ತಾಗುತ್ತದೆ. ಸಾಹೇಬರಿಗೆ ಅದು ಮೊದಲೇ ಗೊತ್ತಿದೆ. ಅವರು ಕೇಳುತ್ತಿರುವುದು ಬೇರೆ.

ತಂಗೀ, ನಾನು ಯಾದಗಿರಿ, ಶಹಾಪುರ ಕಡೆ ಕಚೇರಿಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವ. ಕೊನೆಯ ವರ್ಷಗಳಲ್ಲಿ ಇಂಥ ಅರ್ಜಿಗಳಿಗೆ ಶಿಫಾರಸು ಬರೆದು ಮೇಲೆ ಕಳಿಸುವುದೇ ನನ್ನ ಕೆಲಸವಾಗಿತ್ತು. ನಿಮ್ಮ ಟಿಪ್ಪಣಿ ಯಾಕೆ ನಿಂತಿತು ಅಂತ ಹೇಳುತ್ತೇನೆ. "ಶಾಖೆಯ ಸಹೋದ್ಯೋಗಿಗಳು" ಅಂದರೆ ಯಾರೂ ಅಲ್ಲ. ನಾಳೆ ಏನಾದರೂ ತಪ್ಪಿದರೆ ಯಾರನ್ನು ಕರೆದು ಕೇಳಬೇಕು? "ತುರ್ತು ಬಾಕಿ ಇಲ್ಲ" ಅನ್ನೋದು ಇನ್ನೂ ಕಷ್ಟ. ನಿಮ್ಮ ಟೇಬಲ್‌ನಲ್ಲಿ ಒಂದು ಮಾಹಿತಿ ಹಕ್ಕು ಅರ್ಜಿ ಇದೆ ಅಂತ ಸಾಹೇಬರಿಗೆ ನೆನಪಿದ್ದರೆ, ಆ ಒಂದು ಸಾಲಿನಿಂದಲೇ ನಿಮ್ಮ ಇಡೀ ಟಿಪ್ಪಣಿಯ ಮೇಲೆ ನಂಬಿಕೆ ಹೋಗುತ್ತದೆ. "ಚರ್ಚಿಸಿ" ಅಂತ ಬರೆಯೋದು ಸಿಟ್ಟಿನಿಂದಲ್ಲ. ಓದಿದ ಮೇಲೂ ಅನುಮಾನ ಉಳಿದಿದೆ ಅಂತ ಅರ್ಥ.

ಮೊದಲು ಇದನ್ನು ಹೇಳಿ. 9ರಿಂದ 20ರ ಒಳಗೆ ತಾರೀಕು ಗೊತ್ತಾಗಿರುವ ಕೆಲಸ ನಿಮ್ಮ ಹತ್ತಿರ ಯಾವ ಯಾವುದಿದೆ? ಒಟ್ಟು ಕಡತ ಎಷ್ಟು ಅಂತ ಬೇಡ. ಆ 12 ದಿನದಲ್ಲಿ ಬೀಳುವುದು ಮಾತ್ರ.

ಕೃಷ್ಣಾ ದಂಡೆ

ಸರ್, ನಂದೂ ಇದೇ ತೊಂದರೆ. ಸುರಪುರದಿಂದ ಯಾದಗಿರಿಗೆ ವರ್ಗ ಆಗಿದೆ. ಪ್ರಭಾರ ಪಟ್ಟಿಯಲ್ಲಿ 210 ಕಡತ ಬರೆದಿದ್ದೇನೆ, ಬಂದವರು ಸಹಿ ಮಾಡುತ್ತಿಲ್ಲ. ಪ್ರಭಾರ ವರದಿ ನಮೂನೆ ಯಾರ ಹತ್ತಿರ ಇದೆ?

ಶಹಾಪುರದ ನಿವೃತ್ತ ವ್ಯವಸ್ಥಾಪಕ

ಅದು ಬೇರೆ ವಿಷಯ ತಮ್ಮಾ. ವರ್ಗವಾದಾಗ ಪೂರ್ತಿ ಪ್ರಭಾರ ಬಿಡುತ್ತೀರಿ. ಅಲ್ಲಿ ಪ್ರತಿ ಕಡತ, ಪ್ರತಿ ವಹಿ, ಬೀರು, ಕುರ್ಚಿ ಎಲ್ಲಾ ಪಟ್ಟಿಗೆ ಬರಬೇಕು. ಇವರು 12 ದಿನ ಹೋಗಿ ವಾಪಸ್ ಅದೇ ಕುರ್ಚಿಗೆ ಬರುವವರು. ಇಲ್ಲಿ 210 ಕಡತದ ಪಟ್ಟಿ ಹಾಕಿದರೆ ಸಾಹೇಬರು ಅದನ್ನು ಓದುವುದೇ ಇಲ್ಲ. ನಿಮ್ಮದಕ್ಕೆ ಬೇರೆ ಪ್ರಶ್ನೆ ಹಾಕಿ, ಖಂಡಿತ ಹೇಳುತ್ತೇನೆ.

ಭಾಲ್ಕಿ ಮಗಳು

ಸರ್, ಕೂತು ನೋಡಿದೆ. ನನ್ನ ಹೆಸರಿನಲ್ಲಿ ಕಡತಗಳು 43 ಇವೆ. ಆದರೆ ಆ ದಿನಗಳಲ್ಲಿ ಬೀಳುವುದು ನೀವಂದಂಗೆ ಬಹಳ ಇಲ್ಲ.

ಮಾಹಿತಿ ಹಕ್ಕು ಅರ್ಜಿ ಒಂದಿದೆ. ಜನವರಿ 20ಕ್ಕೆ ಬಂದದ್ದು. 30 ದಿನ ಅಂದರೆ ಫೆಬ್ರವರಿ 19. ಕೇಳಿದ ಮಾಹಿತಿ 38 ಪುಟ ಆಗುತ್ತದೆ, ಎಲ್ಲಾ ಹುಡುಕಿಟ್ಟಿದ್ದೇನೆ. ಇನ್ನೊಂದು ಹೈಕೋರ್ಟ್ ಕಲಬುರಗಿ ಪೀಠದಲ್ಲಿರುವ ರಿಟ್ ಅರ್ಜಿ. 17ಕ್ಕೆ ದಿನಾಂಕ ಇದೆ. ಅದಕ್ಕೆ ಮುಂಚೆ ಕಂಡಿಕೆವಾರು ಷರಾ ಸರ್ಕಾರಿ ವಕೀಲರಿಗೆ ಮುಟ್ಟಬೇಕು. ಅರ್ಧ ಬರೆದಿದ್ದೇನೆ. ಆಮೇಲೆ ಸಂಬಳದ ಬಿಲ್ಲು. ಎಚ್‌ಆರ್‌ಎಂಎಸ್ ಕೆಲಸ ನಂದೇ. ಫೆಬ್ರವರಿ ಸಂಬಳದಲ್ಲಿ ವರ್ಷದ ಆದಾಯ ತೆರಿಗೆ ಲೆಕ್ಕ ಹೊಂದಿಸಬೇಕು, ಎಲ್ಲರಿಗೂ ಅದೇ ಚಿಂತೆ.

ಟೇಬಲ್ 4

ಅಕ್ಕಾ, ಮಾಹಿತಿ ಹಕ್ಕಿಗೆ ನೀವು ತಲೆ ಕೆಡಿಸಿಕೊಳ್ಳಬೇಡಿ. ತಡವಾದರೆ ದಿನಕ್ಕೆ 250 ರೂಪಾಯಿ ದಂಡ, ಹೆಚ್ಚಂದ್ರೆ 25,000. ಆದರೆ ಅದು ಬೀಳುವುದು ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಕೇಸ್ ವರ್ಕರ್‌ಗೆ ಅಲ್ಲ.

ಶಹಾಪುರದ ನಿವೃತ್ತ ವ್ಯವಸ್ಥಾಪಕ

ದಂಡದ ಲೆಕ್ಕ ಸರಿ ಹೇಳಿದಿರಿ. ಉಳಿದದ್ದು ಅರ್ಧ ಸರಿ. ಮಾಹಿತಿ ಅಧಿಕಾರಿ ಬೇರೊಬ್ಬ ಅಧಿಕಾರಿಯಿಂದ ಸಹಾಯ ಕೇಳಿದರೆ, ಅವರನ್ನೂ ಮಾಹಿತಿ ಅಧಿಕಾರಿ ಅಂತಲೇ ಪರಿಗಣಿಸಬಹುದು. ಕಾಯ್ದೆಯ 5ನೇ ಪ್ರಕರಣದಲ್ಲೇ ಅದು ಇದೆ. ಅದನ್ನು ಬಿಡಿ. ಇವರ ಕಚೇರಿಯಲ್ಲಿ ಮಾಹಿತಿ ಅಧಿಕಾರಿ ಯಾರು? ಬಹುಶಃ ರಜೆ ಮಂಜೂರು ಮಾಡುವ ಸಾಹೇಬರೇ. 19ಕ್ಕೆ ಗಡುವು, ಆ ದಿನ ಕೇಸ್ ವರ್ಕರ್ ಭಾಲ್ಕಿಯಲ್ಲಿ. ದಂಡ ಬಿದ್ದರೆ ಸಾಹೇಬರ ಸಂಬಳದಿಂದ ಹೋಗುವ ದುಡ್ಡು ಅದು. ಪೆನ್ನು ಯಾಕೆ ನಿಂತಿದೆ ಅಂತ ಈಗ ಗೊತ್ತಾಯ್ತಲ್ವಾ?

ತಂಗೀ, ಈಗ ಒಂದು ಉಪಾಯ. ಟಿಪ್ಪಣಿ ಬರೆಯುವ ಮೊದಲು ಕೆಲಸ ಕಮ್ಮಿ ಮಾಡಿಕೊಳ್ಳಿ. 38 ಪುಟ ಸಿದ್ಧ ಇದೆ ಅಂತೀರಿ. ಪುಟಕ್ಕೆ 2 ರೂಪಾಯಿಯಂತೆ 76 ರೂಪಾಯಿ ಕಟ್ಟಿ ಅಂತ ಅರ್ಜಿದಾರರಿಗೆ ಪತ್ರ ಕಳಿಸಬೇಕಲ್ವಾ? ಅದನ್ನು ಫೆಬ್ರವರಿ 5ರ ಒಳಗೆ ಜಾವಕಕ್ಕೆ ಹಾಕಿಸಿ. ಪತ್ರ ಕಳಿಸಿದ ದಿನದಿಂದ ಅವರು ದುಡ್ಡು ಕಟ್ಟುವ ದಿನದವರೆಗೆ ಇರುವ ಕಾಲವನ್ನು 30 ದಿನದ ಲೆಕ್ಕಕ್ಕೆ ಹಿಡಿಯಲ್ಲ. ಜನವರಿ 20ರಿಂದ ಫೆಬ್ರವರಿ 5ಕ್ಕೆ 16 ದಿನ ಆಯ್ತು. 14 ದಿನ ಉಳಿಯುತ್ತದೆ. ಅವರು 9ಕ್ಕೇ ಬಂದು ದುಡ್ಡು ಕಟ್ಟಿದರೂ 23ರವರೆಗೆ ಸಮಯ ಇದೆ. ನೀವು 21ಕ್ಕೆ ಬಂದಿರುತ್ತೀರಿ.

ಆದರೆ ಬಂದು ದುಡ್ಡು ಕಟ್ಟಿದವರನ್ನು 23ರವರೆಗೆ ಕಾಯಿಸಬೇಡಿ. ಅದು ಸರಿಯಲ್ಲ. ಜೆರಾಕ್ಸ್ ಮಾಡಿಸಿ, ದೃಢೀಕರಿಸಿ, ಲಕೋಟೆಯಲ್ಲಿ ಹಾಕಿಟ್ಟು ಹೋಗಿ. ಬಂದ ದಿನವೇ ಕೊಟ್ಟು ಸಹಿ ತಗೊಳ್ಳಲು ಒಬ್ಬರು ಇದ್ದರೆ ಸಾಕು. ಈಗ ಟಿಪ್ಪಣಿಯಲ್ಲಿ "ಮಾಹಿತಿ ಒದಗಿಸಬೇಕಿದೆ" ಅಂತ ಬರೆಯುವ ಬದಲು "ಶುಲ್ಕ ಕಟ್ಟಿದರೆ ಲಕೋಟೆ ಕೊಡುವುದು" ಅಂತ ಬರೆಯುತ್ತೀರಿ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಟೇಬಲ್ 4

ಕಟ್ಟುವ ತನಕ ಲೆಕ್ಕ ನಿಲ್ಲುತ್ತದೆ ಅನ್ನೋದು ಗೊತ್ತಿರಲಿಲ್ಲ ಸರ್. ನಮ್ಮಲ್ಲಿ 28ನೇ ದಿನಕ್ಕೆ ಶುಲ್ಕದ ಪತ್ರ ಕಳಿಸುತ್ತಾರೆ.

ಶಹಾಪುರದ ನಿವೃತ್ತ ವ್ಯವಸ್ಥಾಪಕ

ಹಂಗೆ ಮಾಡಿದರೆ ದುಡ್ಡು ಕಟ್ಟಿದ ಮೇಲೆ ಕೈಯಲ್ಲಿ ಎರಡೇ ದಿನ ಉಳಿಯುತ್ತದೆ. ಅದಕ್ಕೇ ಎಲ್ಲರೂ ಒದ್ದಾಡುವುದು.

ಹುಮನಾಬಾದ್ ಹಾದಿ

ನನ್ನ ಅನುಭವ ಹೇಳ್ತೀನಿ. ನಾನು ಬೀದರ್ ಜಿಲ್ಲೆಯಲ್ಲಿ ಕೇಸ್ ವರ್ಕರ್. ರಜೆಗೆ ಹೋಗುವಾಗ ಎಲ್ಲಾ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಟಿಪ್ಪಣಿಗೆ ಪಿನ್ ಮಾಡಿಬಿಡುತ್ತೇನೆ. ಇ-ಆಫೀಸ್, ಎಚ್‌ಆರ್‌ಎಂಎಸ್, ಎಲ್ಲಾ. ಸಾಹೇಬರು ಕೂಡಲೇ ಸಹಿ ಹಾಕುತ್ತಾರೆ. ಕೆಲಸ ನಿಲ್ಲಲ್ಲ ಅಂತ ಅವರಿಗೂ ಧೈರ್ಯ.

ಕೋಟೆ ಪಕ್ಕದ ಮನೆ

ಅಣ್ಣಾ, ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಕಚೇರಿಯಲ್ಲಿ ಒಬ್ಬರು ಹೀಗೇ ಕೊಟ್ಟು ಹೋಗಿದ್ದರು. ಅವರು ರಜೆಯಲ್ಲಿದ್ದಾಗ ಅವರ ಹೆಸರಿನಿಂದ ಒಂದು ತಪ್ಪು ಟಿಪ್ಪಣಿ ಮಂಡನೆ ಆಯ್ತು. ವಿಚಾರಣೆಯಲ್ಲಿ ನಾನು ಬರೆದದ್ದಲ್ಲ ಅಂತ ಹೇಳಿದರೆ ಯಾರೂ ನಂಬಲಿಲ್ಲ. ಸ್ಕ್ರೀನ್ ಮೇಲೆ ಅವರ ಹೆಸರೇ ಇತ್ತು. ಇನ್ನು ಡಿಜಿಟಲ್ ಸಹಿಯ ಡೋಂಗಲ್ ಇದ್ದವರಂತೂ ಬೇರೆಯವರ ಕೈಗೆ ಕೊಡಲೇಬಾರದು. ಅದನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವುದು ಯಾರ ಹೆಸರಿನಲ್ಲಿದೆಯೋ ಅವರ ಹೊಣೆ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೇ ಇದೆ.

ಹುಮನಾಬಾದ್ ಹಾದಿ

ಸರಿ, ಆದರೆ ಇ-ಆಫೀಸ್‌ನಲ್ಲಿ ಫೈಲ್ ನನ್ನ ಇನ್‌ಬಾಕ್ಸ್‌ನಲ್ಲಿ ಇದ್ದರೆ ಬೇರೆಯವರು ಹೇಗೆ ತೆಗೀತಾರೆ? ಪಾಸ್‌ವರ್ಡ್ ಇಲ್ಲದೆ ಆಗಲ್ವಲ್ಲ?

ಕೋಟೆ ಪಕ್ಕದ ಮನೆ

ಹೋಗುವ ಮುಂಚೆ ನೀವೇ ಆ ಫೈಲನ್ನು ಅವರಿಗೆ ಕಳಿಸಿ. ಎಲ್ಲಾ ಫೈಲ್ ಬೇಡ, ಆ ದಿನಗಳಲ್ಲಿ ಬೇಕಾದ ಎರಡು ಮೂರು ಸಾಕು. ಕಳಿಸುವಾಗ ಟಿಪ್ಪಣಿಯಲ್ಲಿ ಮುಂದಿನ ಹೆಜ್ಜೆ ಏನು ಅಂತ ಎರಡು ಸಾಲು ಬರೆಯಿರಿ. ಅವರು ತಮ್ಮ ಲಾಗಿನ್‌ನಿಂದಲೇ ಮುಂದುವರಿಸುತ್ತಾರೆ. ಹಸ್ತಾಂತರ ಟಿಪ್ಪಣಿಯಲ್ಲಿ "ಕಡತವನ್ನು ಇಂಥ ದಿನ ಇಂಥವರಿಗೆ ಕಳಿಸಲಾಗಿದೆ" ಅಂತ ಬರೆದರೆ ಸಾಹೇಬರು ಕೂತಲ್ಲೇ ನೋಡಿಕೊಳ್ಳಬಹುದು. ಆದರೆ ಎಚ್‌ಆರ್‌ಎಂಎಸ್‌ಗೆ ಇದು ನಡೆಯಲ್ಲ. ಆ ಲಾಗಿನ್ ಬೇರೆಯವರಿಗೆ ಕೊಡಬೇಕಂದ್ರೆ ಕಚೇರಿಯಿಂದಲೇ ಮಾಡಿಸಬೇಕು, ಅದಕ್ಕೆ ಸಮಯ ಬೇಕು. ಹಾಗಾಗಿ ರಜೆಯ ದಿನಗಳನ್ನೇ ಬಿಲ್ಲಿನ ದಿನಗಳ ಹೊರಗೆ ಇಟ್ಟುಕೊಳ್ಳೋದು ಸುಲಭ.

ಭಾಲ್ಕಿ ಮಗಳು

ನಮ್ಮಲ್ಲಿ ಬಿಲ್ಲು 21ರ ನಂತರವೇ ಶುರು. 21 ಮೂರನೇ ಶನಿವಾರ, ಕಚೇರಿ ಇದೆ. ಅವತ್ತೇ ಹಾಜರಾಗುತ್ತೇನೆ. ಹಾಗಾದರೆ ಸಂಬಳದ ವಿಷಯ ಟಿಪ್ಪಣಿಯಲ್ಲಿ ಬರೆಯುವುದೇ ಬೇಡ ಅಲ್ವಾ?

ಶಹಾಪುರದ ನಿವೃತ್ತ ವ್ಯವಸ್ಥಾಪಕ

ಬರೆಯಲೇಬೇಕು. ಬೀಳಲ್ಲ ಅಂತ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕಚೇರಿಯಲ್ಲಿ ಎಲ್ಲರೂ ಹೆದರುವುದು ಸಂಬಳ ತಡವಾದರೆ ಅಂತ. "ಫೆಬ್ರವರಿ ಬಿಲ್ಲಿನ ಕೆಲಸ 21ರ ನಂತರ, ನಾನೇ ಮಾಡುತ್ತೇನೆ. ತೆರಿಗೆ ವಿವರಗಳನ್ನು ಎಲ್ಲರಿಂದ 7ರೊಳಗೆ ಪಡೆಯುತ್ತೇನೆ" ಅಂತ ಒಂದೇ ಸಾಲು ಬರೆಯಿರಿ. ಓದುವವರ ಮನಸ್ಸಲ್ಲಿ ಏಳುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಗಬೇಕು.

ಈಗ ಕೋರ್ಟಿನ ಕಡತ. ಇದೇ ದೊಡ್ಡದು. ಷರಾ ಅರ್ಧ ಬರೆದಿದ್ದೇನೆ ಅಂದಿರಿ. ಅರ್ಧ ಬರೆದದ್ದನ್ನು ಇನ್ನೊಬ್ಬರಿಗೆ ಕೊಟ್ಟರೆ ಅವರು ಮೊದಲಿಂದ ಓದಬೇಕು. ಅದು ಆಗಲ್ಲ. ಉಳಿದ ನಾಲ್ಕೈದು ದಿನದಲ್ಲಿ ಅದನ್ನು ಮುಗಿಸಿ, ಸಾಹೇಬರ ಅನುಮೋದನೆಗೆ ಮಂಡಿಸಿ. ಆಮೇಲೆ ಉಳಿಯೋದು ವಕೀಲರ ಕಚೇರಿಗೆ ಮುಟ್ಟಿಸುವುದು, 17ಕ್ಕೆ ಏನಾಯ್ತು ಅಂತ ಕೇಳಿ ಬರೆದಿಡುವುದು. ಅದನ್ನು ಯಾರು ಮಾಡುತ್ತಾರೆ? ಈ ಮುಂಚೆ ಆ ಕಚೇರಿಗೆ ಹೋಗಿ ಬಂದವರು ನಿಮ್ಮಲ್ಲಿ ಯಾರಿದ್ದಾರೆ?

ಭಾಲ್ಕಿ ಮಗಳು

ಎಫ್‌ಡಿಎ ಸರ್ ಒಬ್ಬರಿದ್ದಾರೆ, ಅವರು ಹೋಗಿ ಬರುತ್ತಾರೆ. ಆದರೆ ಹೆಸರು ಬರೆಯಲು ಸಂಕೋಚ. ಅವರಿಗೆ ಅವರದ್ದೇ ಕೆಲಸ ಜಾಸ್ತಿ. ಅದಕ್ಕೇ "ಸಹೋದ್ಯೋಗಿಗಳು" ಅಂತ ಬರೆದಿದ್ದೆ.

ಶಹಾಪುರದ ನಿವೃತ್ತ ವ್ಯವಸ್ಥಾಪಕ

ಸಂಕೋಚ ಇರುವುದಕ್ಕೇ ಮೊದಲು ಅವರ ಹತ್ತಿರ ಹೋಗಿ ಕೇಳಿ. ಹೇಳದೆ ಹೆಸರು ಬರೆಯಬೇಡಿ. ನಾನು ಕಂಡ ಎಷ್ಟೋ ಅರ್ಜಿಗಳು ಕೆಟ್ಟಿದ್ದು ಅಲ್ಲೇ. ಸಾಹೇಬರು ಬೆಲ್ ಹೊಡೆದು ಆ ಹೆಸರಿನವರನ್ನು ಕರೆಯುತ್ತಾರೆ, ಅವರು "ನನಗೇನೂ ಗೊತ್ತಿಲ್ಲ ಸರ್" ಅಂತಾರೆ. ಮುಗೀತು. ಅವರ ತಪ್ಪೂ ಇಲ್ಲ.

ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಬೇಡಿ. ಲಕೋಟೆ ಕೊಡುವ ಕೆಲಸ ಟಪಾಲು ನೋಡುವವರಿಗೆ, ಕೋರ್ಟಿನದು ಎಫ್‌ಡಿಎ ಅವರಿಗೆ. ಏನು ಮಾಡಬೇಕು ಅಂತ ನಿಖರವಾಗಿ ಹೇಳಿದರೆ ಜನ ಒಪ್ಪುತ್ತಾರೆ. "ನನ್ನ ಟೇಬಲ್ ನೋಡಿಕೊಳ್ಳಿ" ಅಂದರೆ ಯಾರೂ ಒಪ್ಪಲ್ಲ. ಒಪ್ಪಿದವರು ಅವರವರ ಸಾಲಿನ ಎದುರು ಕಿರುಸಹಿ ಹಾಕಲಿ. ಆ ಕಿರುಸಹಿಯನ್ನು ನೋಡಿದರೆ ಸಾಹೇಬರು ಬೇರೆ ಏನೂ ಕೇಳುವುದಿಲ್ಲ.

ಶಾಲೆ ಅಂಗಳ

ನಮಸ್ಕಾರ. ನಾನು ಜೇವರ್ಗಿ ಕಡೆ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ನಾವು ಇಬ್ಬರೇ ಶಿಕ್ಷಕರು. ನಾನು ರಜೆ ಹಾಕಿದರೆ ಬಿಸಿಯೂಟದ ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆ ಲೆಕ್ಕ ಎಲ್ಲ ಇನ್ನೊಬ್ಬರ ಮೇಲೆ. ಅವರಿಗೆ ಪಾಠವೂ ಇದೆ. ಹಂಚೋಕೆ ಇನ್ನೊಬ್ಬರಿಲ್ಲ. ನಾನು ಏನು ಬರೆಯಲಿ?

ಕೋಟೆ ಪಕ್ಕದ ಮನೆ

ಮೇಡಂ, ನಿಮ್ಮಲ್ಲಿ ಮುಖ್ಯ ದಾಸ್ತಾನು. ಹೋಗುವ ದಿನ ಸಂಜೆ ಇಬ್ಬರೂ ಕೂತು ಅಕ್ಕಿ, ಬೇಳೆ ತೂಗಿ, ದಾಸ್ತಾನು ವಹಿಯಲ್ಲಿ ಶಿಲ್ಕು ಬರೆದು ಇಬ್ಬರೂ ಸಹಿ ಮಾಡಿ. ಆ ಶಿಲ್ಕನ್ನೇ ಟಿಪ್ಪಣಿಯಲ್ಲಿ ಬರೆಯಿರಿ. ಕೀಲಿಕೈ ಯಾರಿಗೆ ಕೊಟ್ಟಿರಿ ಅಂತಲೂ ಬರೆಯಿರಿ. ಆಮೇಲೆ ಒಂದು ಕೆಜಿ ಹೆಚ್ಚು ಕಮ್ಮಿ ಆದರೆ ಇಬ್ಬರಿಗೂ ಮಾತು ಬರಲ್ಲ. ಆದರೆ ಪಾಠಕ್ಕೆ ಜನ ಇಲ್ಲ ಅನ್ನೋದು ಟಿಪ್ಪಣಿಯಿಂದ ತೀರುವ ವಿಷಯ ಅಲ್ಲ. ನಿಯೋಜನೆ ಮೇಲೆ ಒಬ್ಬರನ್ನು ಕೊಡಿ ಅಂತ ಮೇಲಿನವರನ್ನೇ ಕೇಳಬೇಕು.

ಶಾಲೆ ಅಂಗಳ

ಕೇಳಿದ್ದೇನೆ, ಉತ್ತರ ಬಂದಿಲ್ಲ. ತೂಗಿ ಸಹಿ ಮಾಡುವುದು ಒಳ್ಳೆಯದು, ಇಷ್ಟು ದಿನ ಬಾಯಿ ಮಾತಲ್ಲಿ ನಡೆಸುತ್ತಿದ್ದೆವು.

ಭಾಲ್ಕಿ ಮಗಳು

ಸರ್, ಎಫ್‌ಡಿಎ ಸರ್ ಒಪ್ಪಿದರು! ವಕೀಲರ ಕಚೇರಿಗೆ ಹೇಗೂ ತಮ್ಮ ಕೆಲಸಕ್ಕೆ ಹೋಗುತ್ತಾರಂತೆ. ಟಪಾಲು ಅಕ್ಕಾನೂ ಹೂಂ ಅಂದರು. ಹೀಗೆ ಬರೆದಿದ್ದೇನೆ, ನೋಡಿ:

"ದಿನಾಂಕ 9ರಿಂದ 20 ಫೆಬ್ರವರಿವರೆಗೆ ಗಳಿಕೆ ರಜೆ ಕೋರಿದ್ದು, 8ರ ಭಾನುವಾರವನ್ನು ಮುಂಚಿತವಾಗಿ ಸೇರಿಸಿಕೊಂಡು ಕೇಂದ್ರಸ್ಥಾನ ಬಿಡಲು ಅನುಮತಿ ಕೋರಿದೆ. ಸದರಿ ಅವಧಿಯಲ್ಲಿ ಗಡುವು ಇರುವ ಕೆಲಸಗಳು ಎರಡು.

ರಿಟ್ ಅರ್ಜಿ: ಕಂಡಿಕೆವಾರು ಷರಾ ದಿನಾಂಕ 4ರಂದು ಅನುಮೋದನೆಗೆ ಮಂಡಿಸಲಾಗುವುದು. ಅನುಮೋದನೆಯ ನಂತರ 11ರೊಳಗೆ ಸರ್ಕಾರಿ ವಕೀಲರ ಕಚೇರಿಗೆ ತಲುಪಿಸುವುದು, 17ರ ವಿಚಾರಣೆಯ ಫಲಿತಾಂಶವನ್ನು ಅದೇ ದಿನ ಕಡತದಲ್ಲಿ ಮಂಡಿಸುವುದು. ನಿರ್ವಹಿಸುವವರು: ಪ್ರಥಮ ದರ್ಜೆ ಸಹಾಯಕರು (ಕಿರುಸಹಿ).

ಮಾಹಿತಿ ಹಕ್ಕು ಅರ್ಜಿ: ಶುಲ್ಕ ರೂ. 76ರ ಪತ್ರ 5ರಂದು ಕಳುಹಿಸಲಾಗುವುದು. 38 ಪುಟಗಳ ದೃಢೀಕೃತ ಪ್ರತಿ ಲಕೋಟೆಯಲ್ಲಿ ಸಿದ್ಧವಿರುತ್ತದೆ. ಶುಲ್ಕ ಪಾವತಿಸಿದ ದಿನವೇ ನೀಡಿ ಸ್ವೀಕೃತಿ ಪಡೆಯುವುದು. ನಿರ್ವಹಿಸುವವರು: ಟಪಾಲು ಶಾಖೆ ದ್ವಿತೀಯ ದರ್ಜೆ ಸಹಾಯಕರು (ಕಿರುಸಹಿ).

ಫೆಬ್ರವರಿ ವೇತನ ಬಿಲ್ಲಿನ ಕೆಲಸವನ್ನು 21ರಂದು ಹಾಜರಾಗಿ ನಾನೇ ನಿರ್ವಹಿಸುತ್ತೇನೆ. ಬೀರುವಿನ ಕೀಲಿಕೈಯನ್ನು 7ರ ಸಂಜೆ ವ್ಯವಸ್ಥಾಪಕರಿಗೆ ಒಪ್ಪಿಸುತ್ತೇನೆ."

ಕಿರುಸಹಿ ಜಾಗದಲ್ಲಿ ಅವರ ಹೆಸರೂ ಬರೆದಿದ್ದೇನೆ, ಇಲ್ಲಿ ಹಾಕಿಲ್ಲ. ಉಳಿದ 41 ಕಡತದ ಪಟ್ಟಿ ಹಿಂದೆ ಲಗತ್ತಿಸಲಾ?

ಶಹಾಪುರದ ನಿವೃತ್ತ ವ್ಯವಸ್ಥಾಪಕ

ಬಹಳ ಚೆನ್ನಾಗಿದೆ ತಂಗೀ. ಪಟ್ಟಿ ಬೇಡ. "ಉಳಿದ 41 ಕಡತಗಳಲ್ಲಿ ಈ ಅವಧಿಯಲ್ಲಿ ಗಡುವು ಇರುವುದಿಲ್ಲ" ಅಂತ ಒಂದು ಸಾಲು ಸೇರಿಸಿ. ಆದರೆ ಆ ಸಾಲು ಬರೆಯುವ ಮುಂಚೆ 41ನ್ನೂ ನಿಜವಾಗಿ ತೆರೆದು ನೋಡಿ. ವಿಧಾನಸಭೆ ಪ್ರಶ್ನೆ, ಲೋಕಾಯುಕ್ತ ಪತ್ರ ಇಂಥದ್ದು ಒಳಗೆ ಕೂತಿರುತ್ತದೆ.

ಇನ್ನೊಂದು ಮಾತು. ಇದನ್ನು ಮೊದಲು ಓದುವವರು ಸಾಹೇಬರಲ್ಲ, ನಿಮ್ಮ ವ್ಯವಸ್ಥಾಪಕರು. ಅವರು ಇದರಿಂದ ತಮ್ಮ ಶಿಫಾರಸು ಬರೆಯಬೇಕು. "ಗಡುವಿನ ಎರಡು ಕೆಲಸಗಳಿಗೆ ಬದಲಿ ವ್ಯವಸ್ಥೆ ಆಗಿದೆ, ಸಂಬಂಧಿಸಿದವರು ಒಪ್ಪಿದ್ದಾರೆ, ರಜೆ ಮಂಜೂರು ಮಾಡಬಹುದು." ನಿಮ್ಮ ಟಿಪ್ಪಣಿಯಿಂದ ಈ ಸಾಲನ್ನು ಅವರು ಸುಲಭವಾಗಿ ಎತ್ತಿ ಬರೆಯುವಂತಿದ್ದರೆ ಕಡತ ಅವರ ಟೇಬಲ್ ಮೇಲೆ ಕೂರುವುದಿಲ್ಲ. ನಾನೇ ಎಷ್ಟೋ ಅರ್ಜಿಗಳನ್ನು ಏನು ಬರೆಯಬೇಕು ಅಂತ ತಿಳಿಯದೆ ಎರಡು ಮೂರು ದಿನ ಪಕ್ಕಕ್ಕಿಟ್ಟಿದ್ದೇನೆ. ಈಗ ಅದಕ್ಕೆ ಬೇಜಾರಾಗುತ್ತದೆ. ಸೋಮವಾರ ಬೆಳಿಗ್ಗೆ ಅವರ ಕೈಗೇ ಕೊಡಿ.

ಟೇಬಲ್ 4

ಸರ್, ದಿಢೀರ್ ಆರೋಗ್ಯ ಕೆಟ್ಟರೆ? ಆಸ್ಪತ್ರೆಯಲ್ಲಿ ಮಲಗಿದವರು ಟಿಪ್ಪಣಿ ಎಲ್ಲಿ ಬರೀತಾರೆ? ನಮ್ಮಲ್ಲಿ ಅದನ್ನೂ ಕೇಳುತ್ತಾರೆ.

ಶಹಾಪುರದ ನಿವೃತ್ತ ವ್ಯವಸ್ಥಾಪಕ

ಅವರಿಂದ ಟಿಪ್ಪಣಿ ಕೇಳಬಾರದು ಅಂತ ನನ್ನ ಅಭಿಪ್ರಾಯ. ವೈದ್ಯಕೀಯ ಪ್ರಮಾಣಪತ್ರ ಸಾಕು. ಗಡುವುಗಳ ಒಂದು ವಹಿ ಶಾಖೆಯಲ್ಲೇ ಇದ್ದರೆ ವ್ಯವಸ್ಥಾಪಕರೇ ನೋಡಿಕೊಳ್ಳಬಹುದು.

ಕೋಟೆ ಪಕ್ಕದ ಮನೆ

ನಾನು ಪೂರ್ತಿ ಒಪ್ಪಲ್ಲ ಸರ್. ಒಂದು ಫೋನ್ ಮಾಡಿ "17ಕ್ಕೆ ಕೋರ್ಟ್ ಇದೆ" ಅಂತ ಹೇಳುವಷ್ಟು ಆದರೂ ಮಾಡಬೇಕು. ಮನೆಯವರಾದರೂ ಹೇಳಬಹುದು. ಇಲ್ಲದಿದ್ದರೆ ತಪ್ಪಿದ ಮೇಲೆ ಅವರೇ ಉತ್ತರ ಕೊಡಬೇಕಾಗುತ್ತದೆ.

ಭಾಲ್ಕಿ ಮಗಳು

ಎಲ್ಲರಿಗೂ ತಿಳಿಸಲು ಬಂದೆ. ಸೋಮವಾರ 11 ಗಂಟೆಗೆ ಕೊಟ್ಟೆ. ವ್ಯವಸ್ಥಾಪಕರು ಅಲ್ಲೇ ಶಿಫಾರಸು ಬರೆದರು. ಮಂಗಳವಾರ ಸಂಜೆಗೆ ಮಂಜೂರಾಯ್ತು. 41 ಕಡತ ತೆರೆದು ನೋಡಿದೆ ಸರ್. ಒಂದರಲ್ಲಿ ಆಡಿಟ್ ಆಕ್ಷೇಪಣೆಗೆ 13ರೊಳಗೆ ಉತ್ತರ ಕೊಡಿ ಅಂತ ಪತ್ರ ಇತ್ತು. ನನಗೆ ನೆನಪೇ ಇರಲಿಲ್ಲ. ಅದನ್ನು ಬುಧವಾರ ನಾನೇ ಮುಗಿಸಿ ಕಳಿಸಿದೆ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಅರ್ಜಿಯಲ್ಲಿ ರಜೆ ಅವಧಿಯ ವಿಳಾಸ ಕೇಳುತ್ತಾರೆ, ಬರೆದಿದ್ದೇನೆ. ಸಾಹೇಬರು "ಫೋನ್ ಆನ್ ಇರಲಿ" ಅಂದಿದ್ದಾರೆ. ಅಕ್ಕಿಕಾಳಿನ ಹೊತ್ತಿಗೆ ಫೋನ್ ಬಂದರೆ ಏನು ಮಾಡಲಿ?

ಗಂಜ್ ರಸ್ತೆ

12ಕ್ಕೆ ಮಾತ್ರ ಸ್ವಿಚ್ ಆಫ್ ಮಾಡಿ ಮೇಡಂ. ಅವತ್ತು ಒಂದಿನ ನಿಮ್ಮದು.

ಶಹಾಪುರದ ನಿವೃತ್ತ ವ್ಯವಸ್ಥಾಪಕ

ಆಫ್ ಬೇಡ. ಎಫ್‌ಡಿಎ ಅವರಿಗೆ ಮೊದಲೇ ಹೇಳಿಡಿ: 12ಕ್ಕೆ ಏನಾದರೂ ಕೇಳಬೇಕಿದ್ದರೆ ಸಂಜೆ 6ರ ಮೇಲೆ ಮಾಡಿ ಅಂತ. ಸಾಹೇಬರೂ ಅವರನ್ನೇ ಕೇಳುತ್ತಾರೆ.

ಹುಮನಾಬಾದ್ ಹಾದಿ

ನನ್ನ ಪ್ರಕಾರ ರಜೆ ಅಂದ ಮೇಲೆ ಯಾವ ದಿನವೂ ಮಾಡಬಾರದು. ಅದಕ್ಕಾಗಿಯೇ ಅಲ್ವಾ ಇಷ್ಟೆಲ್ಲಾ ಬರೆದುಕೊಟ್ಟಿದ್ದು? ಮದುವೆ ಚೆನ್ನಾಗಿ ಆಗಲಿ ತಂಗೀ. ನಾನೂ ಈ ಸಲ ಪಾಸ್‌ವರ್ಡ್ ಬದಲು ಫೈಲ್ ಕಳಿಸಿ ಹೋಗುತ್ತೇನೆ.